ಬಾಡಿಗೆ ಬಿಲ್ಲಿನ ಫೋಟೊದಲ್ಲಿ ಎರಡು ಮೊತ್ತ ಇದ್ದರೆ

“ಬಿಲ್ಲಿನ ಫೋಟೊದಾಗ ಒಟ್ಟು 70,800 ಅಂತ ಅದ, ಕೆಳಗ ಕೊಡೋದು 64,800 ಅಂತ ಬರ್ದಾರ್ರಿ. ಇದ್ರಾಗ ಖರೇ ಯಾವ್ದು, ನಡುವಿನ ಆರು ಸಾವಿರ ಎಲ್ಲಿ ಹೋತು?”

ಎರಡೂ ಖರೆ. ಮೊದಲನೆಯದು ಬಿಲ್ಲಿನ ಮೊತ್ತ, ಎರಡನೆಯದು ಬ್ಯಾಂಕಿಗೆ ಬರುವ ಮೊತ್ತ. ನಡುವಿನ ಆರು ಸಾವಿರವನ್ನು ಬಾಡಿಗೆದಾರರು ಮಾಲೀಕರ ಪ್ಯಾನ್ ಹೆಸರಿನಲ್ಲಿ ಆದಾಯ ತೆರಿಗೆಯಾಗಿ ಸರ್ಕಾರಕ್ಕೆ ಕಟ್ಟುತ್ತಾರೆ; ಈ ಕಡಿತವೇ ಟಿಡಿಎಸ್.

ಕಲಬುರಗಿಯಲ್ಲಿ ಜಿಎಸ್‌ಟಿ ನೋಂದಣಿ ಇರುವ ಮಾಲೀಕರೊಬ್ಬರು ತಮ್ಮ ಮಳಿಗೆಯನ್ನು ಒಂದು ಕಂಪನಿಗೆ ಬಾಡಿಗೆ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಬಿಲ್ಲು 2025ರ ಮೇ ತಿಂಗಳದ್ದು. ಬಾಡಿಗೆ 60,000, ಕೇಂದ್ರ ಮತ್ತು ರಾಜ್ಯದ ಜಿಎಸ್‌ಟಿ ತಲಾ 5,400, ಒಟ್ಟು 70,800. ಅದರ ಕೆಳಗೆ `Less: TDS @ 10%` ಎಂಬ ಸಾಲು, ಅದರೆದುರು ಕಂಸದೊಳಗೆ (6,000). ಲೆಕ್ಕದ ಕಾಗದಗಳಲ್ಲಿ ಕಂಸವೆಂದರೆ ಕಳೆಯಿರಿ ಎಂದರ್ಥ. ಮಸುಕಾದ ಫೋಟೊದಲ್ಲಿ ಈ ಕಂಸವೇ ಮೊದಲು ಮಾಯವಾಗುವುದರಿಂದ ಓದಿದವರು ಅದನ್ನೂ ಕೂಡಿಸಿ 76,800 ಎಂದು ಹೇಳಿದ್ದುಂಟು. ಅಕ್ಷರಗಳಲ್ಲಿ ಬರೆದ ಮೊತ್ತವೂ ಸಾಮಾನ್ಯವಾಗಿ 70,800ರದ್ದೇ ಆಗಿರುತ್ತದೆ; ಅದನ್ನು ನೋಡಿ ಕೆಳಗಿನ ಅಂಕಿಯನ್ನು ಅನುಮಾನಿಸಬೇಕಾಗಿಲ್ಲ.

ನಾನು ಮೊದಲು ನೋಡುವುದು ಕಡಿತದ ಅಂಕಿಯನ್ನು. ಅದು ಮೂಲ ಬಾಡಿಗೆಯ ಹತ್ತನೇ ಒಂದು ಪಾಲಾಗಿರಬೇಕು. ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯಬೇಕಿಲ್ಲ ಎಂದು ನೇರ ತೆರಿಗೆಗಳ ಕೇಂದ್ರ ಮಂಡಳಿ 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿದೆ. ಆದ್ದರಿಂದ ಫೋಟೊದಲ್ಲಿ 7,080 ಕಂಡರೆ ಅದು 70,800ರ ಹತ್ತನೇ ಪಾಲು, ಅಂದರೆ ಜಿಎಸ್‌ಟಿಯ ಮೇಲೂ ಹಿಡಿದಿದ್ದಾರೆ. ಆ ಹಣ ಮುಳುಗುವುದಿಲ್ಲ, ಆದರೆ ರಿಟರ್ನ್ ಸಲ್ಲಿಸುವವರೆಗೆ ಸಿಕ್ಕಿಕೊಂಡಿರುತ್ತದೆ. 12,000 ಕಂಡರೆ ಅದು ಶೇಕಡ 20. ಮಾಲೀಕರು ಪ್ಯಾನ್ ಕೊಟ್ಟಿಲ್ಲದಿರಬಹುದು. ಅಂಕಿ 6,000ವೋ 8,000ವೋ ಎಂಬ ಗೊಂದಲವಿದ್ದರೆ ಒಟ್ಟಿನಿಂದ ಕಳೆದು ನೋಡಿ: 64,800 ಬರುವುದು ಆರರಿಂದ ಮಾತ್ರ.

ಟಿಡಿಎಸ್ ಸಾಲೇ ಇಲ್ಲದ ಬಿಲ್ಲೂ ತಪ್ಪಲ್ಲ. ಹಿಡಿಯುವ ಹೊಣೆ ಹಣ ಕೊಡುವವರದು; 2025ರ ಏಪ್ರಿಲ್‌ನಿಂದ ತಿಂಗಳ ಬಾಡಿಗೆ 50,000 ದಾಟಿದರೆ ಕಂಪನಿ ಹಿಡಿಯಲೇಬೇಕು. ಫೋಟೊದ ಕೆಳಭಾಗ ಕತ್ತರಿಸಿ ಹೋಗಿ ಪೂರ್ತಿ 70,800 ಕೊಟ್ಟುಬಿಟ್ಟರೂ ಆ ಹೊಣೆ ತಪ್ಪುವುದಿಲ್ಲ. ತಡವಾದಷ್ಟೂ ಬಡ್ಡಿ ಸೇರುತ್ತದೆ.

ಮಾಲೀಕರು ತಮ್ಮ ಖಾತೆಯಲ್ಲಿ ಬಿಲ್ಲನ್ನು 64,800ಕ್ಕೆ ಇಳಿಸಬಾರದು. ಬ್ಯಾಂಕಿಗೆ 64,800, ತಮಗೆ ಬರಬೇಕಾದ ಟಿಡಿಎಸ್ ಬಾಕಿಗೆ 6,000 ಎಂದು ಬರೆದು ಬಿಲ್ಲು ಚುಕ್ತಾ ಮಾಡಬೇಕು. ಆ ಆರು ಸಾವಿರ ಮಾಲೀಕರ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ `Form 26AS`ನಲ್ಲಿ ಮರುದಿನವೇ ಕಾಣುವುದಿಲ್ಲ, ಏಕೆಂದರೆ ಏಪ್ರಿಲ್‌ನಿಂದ ಜೂನ್‌ವರೆಗಿನ ವಿವರ ಸಲ್ಲಿಸಲು ಕಂಪನಿಗೆ ಜುಲೈ 31ರವರೆಗೆ ಅವಕಾಶವಿರುತ್ತದೆ. ಆಗಸ್ಟ್ ನಡುವಿನಲ್ಲೂ ಕಾಣದಿದ್ದರೆ ಬಿಲ್ಲಿನ ಫೋಟೊ ಬಿಟ್ಟು ಕಂಪನಿಯಿಂದ ಟಿಡಿಎಸ್ ಪ್ರಮಾಣಪತ್ರವಾದ `Form 16A` ಕೇಳಿ, ಅದರಲ್ಲಿನ ಪ್ಯಾನ್ ಅನ್ನು ಒಂದೊಂದು ಅಕ್ಷರವಾಗಿ ತಾಳೆ ನೋಡಬೇಕು.