ವರ್ಷಕ್ಕೆ 800 ರೂಪಾಯಿ ಉಳಿಸಿದ ಕಥೆ

ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಮತ್ತು ಪ್ಯಾನೆಲ್ ಬೋರ್ಡ್ ತಯಾರಿಸುವ ನಮ್ಮ ಕಂಪನಿಗೆ ಫೆಬ್ರವರಿ ಎಂದರೆ ಸುಗ್ಗಿ. 2023ರ ಫೆಬ್ರವರಿಯ ಒಂದು ಬೆಳಿಗ್ಗೆ ದಾವಣಗೆರೆಯ ಡೀಲರ್ ಒಬ್ಬರು ಸೇಲ್ಸ್ ಮ್ಯಾನೇಜರಿಗೆ ಫೋನ್ ಮಾಡಿದರು. ಅರವತ್ತು ಪ್ಯಾನೆಲ್‌ಗಳಿಗೆ ಪಿಒ, ಅಂದರೆ ಖರೀದಿ ಆದೇಶ, ಕಳುಹಿಸಿ ಒಂಬತ್ತು ದಿನವಾಗಿದೆ, ಲಾರಿ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಅಂಥ ಪಿಒ ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಐದು ನಿಮಿಷದಲ್ಲಿ ನನ್ನನ್ನು ಯಜಮಾನರ ಕೋಣೆಗೆ ಕರೆಸಿದರು. ಕಂಪ್ಯೂಟರ್, ಪ್ರಿಂಟರ್, ಸಿಸಿ ಕ್ಯಾಮೆರಾ, ಮೇಲ್ ಎಲ್ಲಕ್ಕೂ ನಾನೊಬ್ಬನೇ. ಡೀಲರ್ ಸ್ಪೀಕರ್‌ನಲ್ಲಿದ್ದರು. ನಾನು ಲ್ಯಾಪ್‌ಟಾಪ್ ತೆರೆದು ಸ್ಪ್ಯಾಮ್ ನೋಡಿದೆ, ಕ್ವಾರಂಟೈನ್ ನೋಡಿದೆ, ಬಂದ ಹೋದ ಮೇಲ್‌ಗಳ ಲೆಕ್ಕವಿರುವ ಮೆಸೇಜ್ ಟ್ರೇಸ್ ಅನ್ನು ಹತ್ತು ದಿನಗಳದ್ದು ತೆಗೆದೆ. ಅವರ ವಿಳಾಸದಿಂದ ಒಂದೇ ಒಂದು ಮೇಲ್ ಬಂದ ಗುರುತೂ ಇರಲಿಲ್ಲ. ಆಗ ಅತ್ಯಂತ ಆತ್ಮವಿಶ್ವಾಸದಿಂದ ಹೇಳಿದೆ: "ಸರ್, ಅವರು ಕಳುಹಿಸಿಯೇ ಇಲ್ಲ."

ಸ್ಪೀಕರ್ ಇನ್ನೂ ಆನ್ ಇತ್ತು.

"ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆಯೇ ಸ್ವಾಮಿ?" ಎಂದರು ಡೀಲರ್. ಹನ್ನೆರಡು ವರ್ಷಗಳಿಂದ ನಮ್ಮೊಡನೆ ವ್ಯವಹರಿಸುತ್ತಿರುವ ಮನುಷ್ಯ. ಯಜಮಾನರು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಡೀಲರ್ ಕಳುಹಿಸಿದ ಮೇಲ್‌ನ ಸ್ಕ್ರೀನ್‌ಶಾಟ್ ವಾಟ್ಸ್ಆ್ಯಪ್‌ನಲ್ಲಿ ಬರಲು ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷ ಯಾರೂ ಮಾತನಾಡಲಿಲ್ಲ, ಫ್ಯಾನ್ ಮಾತ್ರ ಕಿರುಗುಟ್ಟುತ್ತಿತ್ತು.

ಚಿತ್ರ ಬಂತು. ದಿನಾಂಕ ಸರಿ, ಪಿಡಿಎಫ್ ಲಗತ್ತಾಗಿದೆ, sales ಎಂಬ ಹೆಸರೂ ಕಂಪನಿಯ ಹೆಸರೂ ಸರಿ. ಕೊನೆಯಲ್ಲಿ ಮಾತ್ರ ಡಾಟ್ ಕಾಮ್. ನಮ್ಮದು ಡಾಟ್ ಇನ್.

ಇಷ್ಟೇ ಆಗಿದ್ದರೆ ಡೀಲರ್ ತಪ್ಪು ಬರೆದರು ಎಂದು ಮುಗಿಸಬಹುದಿತ್ತು. ಆದರೆ ಅವರು ಒಂದು ಮಾತು ಕೇಳಿದರು: "ತಪ್ಪು ವಿಳಾಸವಾಗಿದ್ದರೆ ವಾಪಸ್ ಬರಬೇಕಲ್ಲವೇ? ಬರಲಿಲ್ಲವಲ್ಲ." ಉತ್ತರ ಹುಡುಕಲು ನನ್ನ ಮೇಜಿಗೆ ಓಡಿ ಒಂದು ಆಜ್ಞೆ ಕೊಟ್ಟೆ. ನಮ್ಮ ಹೆಸರಿನ ಜಾಗದಲ್ಲಿ example ಎಂದು ಬರೆಯುತ್ತಿದ್ದೇನೆ:

```
dig +short MX example.com
```

ನಮ್ಮ ಹೆಸರಿನ ಡಾಟ್ ಕಾಮ್‌ಗೆ, ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಇತ್ತು. ಅಂದರೆ ಆ ಹೆಸರಿಗೆ ಬೇರೆ ಯಾರೋ ಒಡೆಯರಿದ್ದರು, ಅವರ ಮೇಲ್ ಸರ್ವರ್ ನಡೆಯುತ್ತಿತ್ತು, ನಮ್ಮ ಡೀಲರ್‌ನ ಪಿಒ ಅಲ್ಲಿ ಸುಖವಾಗಿ ತಲುಪಿತ್ತು. ನನ್ನ ಮೆಸೇಜ್ ಟ್ರೇಸ್ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯ ಬಾಗಿಲಿಗೆ ಬಾರದ ಅಂಚೆಯವನನ್ನು ನಮ್ಮ ಮನೆಯ ಹಾಜರಿ ಪುಸ್ತಕದಲ್ಲಿ ಹುಡುಕಿದ್ದು ನಾನು.

ಇದರ ಬೇರು 2016ರಲ್ಲಿದೆ. ಜಾಲತಾಣ ಮಾಡಿಸುವಾಗ ಡಾಟ್ ಇನ್, ಡಾಟ್ ಕಾಮ್ ಎರಡೂ ಖಾಲಿ ಇದ್ದವು. "ಎರಡನ್ನೂ ತೆಗೆದುಕೊಂಡುಬಿಡೋಣವೇ?" ಎಂದು ಯಜಮಾನರೇ ಕೇಳಿದ್ದರು. ಬೇಡ ಎಂದದ್ದು ನಾನು. ನಮ್ಮ ಗಿರಾಕಿಗಳೆಲ್ಲ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದವರು, ದುಬೈಗೆ ಯಾರು ಪ್ಯಾನೆಲ್ ಬೋರ್ಡ್ ಒಯ್ಯುತ್ತಾರೆ, ವರ್ಷಕ್ಕೆ 800 ರೂಪಾಯಿ ಸುಮ್ಮನೆ ದಂಡ ಎಂದು ವಾದಿಸಿದ್ದೆ. ಅರ್ಧ ವಾದ ಈಗಲೂ ಸರಿ ಎಂದೇ ನನ್ನ ನಂಬಿಕೆ. ನಾನು ಲೆಕ್ಕ ಹಾಕದೆ ಬಿಟ್ಟದ್ದು ಬೆರಳುಗಳ ಅಭ್ಯಾಸವನ್ನು. ಮೊಬೈಲಿನಲ್ಲಿ ವಿಳಾಸ ಬರೆಯುವಾಗ ಕೀಬೋರ್ಡೇ .com ಎಂಬ ಗುಂಡಿ ತೋರಿಸುತ್ತದೆ. ಫೋನಿನಲ್ಲಿ "ಡಾಟ್ ಇನ್" ಎಂದರೆ "ಆಮೇಲೆ ಕಾಮ್ ಅಲ್ಲವೇ?" ಎಂದು ಕೇಳುವವರು ಇಂದಿಗೂ ಇದ್ದಾರೆ. ಒಬ್ಬರು .in.com ಎಂದೇ ಬರೆದುಕೊಂಡಿದ್ದರು, ಅದು in.com ಎಂಬ ಬೇರೆಯೇ ಡೊಮೇನಿನ ಅಡಿಗೆ ಹೋಗುವ ವಿಳಾಸ. ಒಮ್ಮೆ ತಪ್ಪಾಗಿ ಬರೆದರೆ ಮೇಲ್ ತಂತ್ರಾಂಶ ಅದನ್ನೇ ನೆನಪಿಟ್ಟುಕೊಂಡು ಮುಂದಿನ ಸಲ ಮೊದಲ ಎರಡು ಅಕ್ಷರಕ್ಕೇ ಮುಂದೆ ಹಿಡಿಯುತ್ತದೆ.

ಹಾಗಾದರೆ ಮೊದಲ ವರ್ಷಗಳಲ್ಲಿ ತೊಂದರೆ ಏಕೆ ಕಾಣಲಿಲ್ಲ? ಡಾಟ್ ಕಾಮ್ ಹೆಸರು ಯಾರ ಬಳಿಯೂ ಇಲ್ಲದಿದ್ದಾಗ ಅಲ್ಲಿಗೆ ಕಳುಹಿಸಿದ ಮೇಲ್‌ಗೆ, ಅಂತರ್ಜಾಲದ ಹೆಸರುಗಳ ವಿಳಾಸ ಪುಸ್ತಕವಾದ ಡಿಎನ್‌ಎಸ್‌ನಲ್ಲಿ ಅಂಥ ಡೊಮೇನೇ ಇಲ್ಲ ಎಂಬ ಉತ್ತರ ಸಿಗುತ್ತದೆ. ಕೆಲವೇ ನಿಮಿಷಗಳಲ್ಲಿ ಮೇಲ್ ವಾಪಸ್, ಅಂದರೆ ಬೌನ್ಸ್. ಕಳುಹಿಸಿದವರು ಬೈದುಕೊಂಡು ಸರಿಪಡಿಸುತ್ತಾರೆ, ನಮಗೆ ಸುದ್ದಿಯೂ ಮುಟ್ಟುವುದಿಲ್ಲ. ಯಾರೋ ಹೆಸರು ಕೊಂಡು ಮಾರಾಟಕ್ಕಿದೆ ಎಂಬ ಪುಟ ಹಾಕಿ, ಎಂಎಕ್ಸ್ ಹಾಕದೆ ಬಿಟ್ಟರೆ ಸ್ಥಿತಿ ಕೆಡುತ್ತದೆ. ಎಂಎಕ್ಸ್ ಇಲ್ಲದಿದ್ದರೆ ಕಳುಹಿಸುವ ಸರ್ವರ್ ಆ ಹೆಸರಿನ ಐಪಿ ವಿಳಾಸ ಹೇಳುವ ಎ ದಾಖಲೆಯಲ್ಲಿರುವ ಯಂತ್ರದ ಬಾಗಿಲನ್ನೇ ತಟ್ಟುತ್ತದೆ. ಅಲ್ಲಿ ಯಾರೂ ತೆರೆಯದಿದ್ದರೆ ದಿನಗಟ್ಟಲೆ ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಕೈಚೆಲ್ಲಿ ಬೌನ್ಸ್ ಮಾಡುತ್ತದೆ. ಹೊಸ ಒಡೆಯರು ಎಂಎಕ್ಸ್ ಹಾಕಿ, ಯಾವ ಹೆಸರಿಗೆ ಬಂದರೂ ಸ್ವೀಕರಿಸುವ ಕ್ಯಾಚ್‌ಆಲ್ ತೆರೆದಿಟ್ಟರೆ ಬೌನ್ಸ್ ಎಂಬುದೇ ಇಲ್ಲ. ನಮ್ಮ ಹೆಸರಿನ ಡಾಟ್ ಕಾಮ್ ನೋಂದಣಿಯಾದದ್ದು 2020ರಲ್ಲಿ ಎಂದು, ಡೊಮೇನುಗಳ ನೋಂದಣಿ ವಿವರ ಕೊಡುವ ಹೂಈಸ್ ತೋರಿಸಿತು. ಮೂರು ವರ್ಷ ಯಾರೂ ದೂರಲಿಲ್ಲ, ನಾನು ಅದನ್ನು ಕ್ಷೇಮಸಮಾಚಾರ ಎಂದುಕೊಂಡಿದ್ದೆ.

ಅದೇ ಮಧ್ಯಾಹ್ನ ಸಭೆ. "ನಿಕ್ಸಿಗೆ ದೂರು ಕೊಟ್ಟು ಆ ಹೆಸರನ್ನು ಕಸಿದುಕೊಳ್ಳಿ" ಎಂದರು ಯಜಮಾನರು. ನಿಕ್ಸಿ ನೋಡಿಕೊಳ್ಳುವುದು ಭಾರತದ ಡಾಟ್ ಇನ್ ಹೆಸರುಗಳನ್ನು, ಡಾಟ್ ಕಾಮ್ ಅದರ ಕೈಯಲ್ಲಿಲ್ಲ. ಡಾಟ್ ಇನ್ ತಕರಾರುಗಳಿಗೆ ಐಎನ್‌ಡಿಆರ್‌ಪಿ ಎಂಬ ನಿಯಮವಿದೆ. ಡಾಟ್ ಕಾಮ್‌ಗೆ ಬೇರೆ ನಿಯಮ, ಯುಡಿಆರ್‌ಪಿ. ವಕೀಲರು ಹತ್ತು ನಿಮಿಷದಲ್ಲಿ ಆಸೆ ಕಳೆದರು. ಯುಡಿಆರ್‌ಪಿಯಲ್ಲಿ ಗೆಲ್ಲಬೇಕಾದರೆ ಹೆಸರು ನಮ್ಮ ಟ್ರೇಡ್‌ಮಾರ್ಕಿಗೆ ಹೋಲುತ್ತದೆ, ಎದುರಾಳಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶದಿಂದ ನೋಂದಾಯಿಸಿ ದುರುದ್ದೇಶದಿಂದಲೇ ಬಳಸುತ್ತಿದ್ದಾರೆ ಎಂಬ ಮೂರನ್ನೂ ತೋರಿಸಬೇಕು. ಆ ತಾಣ ತೆರೆದು ನೋಡಿದರೆ ಯಾವುದೋ ದೇಶದ, ಅದೇ ಹೆಸರಿನ, ಮನೆಯ ಒಳಾಂಗಣ ಅಲಂಕಾರ ಮಾಡುವ ಪುಟ್ಟ ಸಂಸ್ಥೆ. ನಮ್ಮ ಹೆಸರನ್ನು ಅವರು ಕೇಳಿಯೂ ಇರಲಿಕ್ಕಿಲ್ಲ. ಯಾವ ದುರುದ್ದೇಶ ತೋರಿಸುವುದು?

ಜಾಹೀರಾತು ಏಜೆನ್ಸಿಯವರು ಈ ಸಂದರ್ಭವನ್ನು ಬಿಡುತ್ತಾರೆಯೇ? ಹೆಸರಿನ ಬಾಲಕ್ಕೆ ಇಂಡಿಯಾ ಅಂಟಿಸಿ ಹೊಸ ಡಾಟ್ ಕಾಮ್ ಕೊಳ್ಳೋಣ, ಇಡೀ ತಾಣವನ್ನು ಅಲ್ಲಿಗೆ ಸಾಗಿಸೋಣ, ಡಾಟ್ ಕಾಮ್ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಎಂದರು. ಇದಕ್ಕೆ ಮಾತ್ರ ನಾನು ಮಣಿಯಲಿಲ್ಲ. ಡಾಟ್ ಕಾಮ್ ಎಂಬ ಕಾರಣಕ್ಕೆ ಗೂಗಲ್ ಯಾರನ್ನೂ ಮೇಲೇರಿಸುವುದಿಲ್ಲ. ದೇಶದ ಬಾಲವಿರುವ ಹೆಸರನ್ನು ಆ ದೇಶದವರಿಗಾಗಿ ಇರುವ ತಾಣ ಎಂದು ಅದು ಓದಿಕೊಳ್ಳುತ್ತದೆ, ದಾವಣಗೆರೆಯಲ್ಲಿ ಸ್ಟಾರ್ಟರ್ ಹುಡುಕುವವರಿಗೆ ಅದು ಸರಿಯಾದ ಸೂಚನೆಯೇ. ಡಾಟ್ ಕಾಮ್ ತಾಣಕ್ಕೆ ಇಂಥ ದೇಶ ಎಂದು ಗುರುತು ಹಾಕುವ ಸೌಲಭ್ಯ ಹಿಂದೆ ಸರ್ಚ್ ಕನ್ಸೋಲ್‌ನಲ್ಲಿತ್ತು, 2022ರಲ್ಲಿ ಗೂಗಲ್ ಅದನ್ನೂ ತೆಗೆದುಹಾಕಿತು. ನಾಳೆ ಹೊರದೇಶಕ್ಕೆ ಮಾರುವುದಾದರೆ ಇದೇ ಸೂಚನೆ ಕಾಲಿಗೆ ತೊಡರಬಹುದು, ನಮಗೆ ಆ ಪ್ರಶ್ನೆ ಇರಲಿಲ್ಲ. ಸ್ಥಳಾಂತರವೂ ಪುಕ್ಕಟೆಯಲ್ಲ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಿರುಗಿಸುವ 301 ಅನ್ನು ಪ್ರತಿ ಪುಟಕ್ಕೂ ಹಾಕಬೇಕು, ಕನಿಷ್ಠ ಒಂದು ವರ್ಷ ಅದನ್ನು ಉಳಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಏಳು ವರ್ಷಗಳಿಂದ ಪ್ಯಾನೆಲ್ ಬಾಗಿಲುಗಳ ಮೇಲೆ ಅಂಟಿಸಿದ ಸ್ಟಿಕ್ಕರ್‌ಗಳಲ್ಲಿ ಡಾಟ್ ಇನ್ ವಿಳಾಸವಿದೆ. ಹೊಲಗಳಿಗೆ ಹೋಗಿ ಕಿತ್ತು ಬರುವವರು ಯಾರು? ಬಾಲಕ್ಕೆ ಇಂಡಿಯಾ ಅಂಟಿಸಿದರೆ ಅದನ್ನು ಮರೆತು ಬರೆಯುವವರ ಮೇಲ್ ಮತ್ತೆ ಅದೇ ಅಲಂಕಾರದ ಸಂಸ್ಥೆಗೇ ಹೋಗುತ್ತದೆ ಎಂದಾಗ ಏಜೆನ್ಸಿಯವರು ಸುಮ್ಮನಾದರು. ಸಭೆಯ ಬಿಲ್ ಮಾತ್ರ ಕಳುಹಿಸಿದರು.

ಆ ಸಂಸ್ಥೆಗೆ ಹೆಸರು ಮಾರುತ್ತೀರಾ ಎಂದು ಬರೆಯಲು ಹೊರಟವನು, ಬರೆಯುತ್ತ ಬರೆಯುತ್ತ ಬೇರೆಯದನ್ನೇ ಕೇಳಿದೆ. ನಿಮ್ಮ ಕ್ಯಾಚ್‌ಆಲ್ ಮುಚ್ಚಲು ಸಾಧ್ಯವೇ, ನಿಮ್ಮಲ್ಲಿ ಇಲ್ಲದ ಹೆಸರುಗಳಿಗೆ ಬಂದ ಮೇಲ್ ತಿರಸ್ಕೃತವಾದರೆ ನಮಗೂ ನಿಮಗೂ ಕಾಟ ತಪ್ಪುತ್ತದೆ ಎಂದು. ನಾಲ್ಕು ದಿನಗಳ ನಂತರ ಒಬ್ಬ ಹೆಣ್ಣುಮಗಳು ಉತ್ತರಿಸಿದರು. ನಮ್ಮ ಪಂಪಿನ ಪತ್ರಗಳು ಅವರಿಗೂ ತಲೆನೋವಾಗಿದ್ದವಂತೆ, ಅಳಿಸಲು ಮನಸ್ಸಾಗದೆ ಒಂದು ಫೋಲ್ಡರಿಗೆ ಹಾಕುತ್ತಿದ್ದರಂತೆ. ಕ್ಯಾಚ್‌ಆಲ್ ಮುಚ್ಚಿದರು. ಪರೀಕ್ಷೆಗೆಂದು ನನ್ನ ಸ್ವಂತ ಖಾತೆಯಿಂದ ತಪ್ಪು ವಿಳಾಸಕ್ಕೆ ಒಂದು ಮೇಲ್ ಹಾಕಿದೆ. ಅಂಥ ವಿಳಾಸವೇ ಇಲ್ಲ ಎನ್ನುವ 550 5.1.1 ಎಂಬ ಸಾಲು ಹೊತ್ತು ಅದು ತಕ್ಷಣ ವಾಪಸ್ ಬಂತು. ಬೌನ್ಸ್ ಕಂಡು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಅವರಲ್ಲೂ sales ಎಂಬ ವಿಳಾಸವಿದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ, ಅದೃಷ್ಟಕ್ಕೆ ಅವರದು hello.

ನಮ್ಮ ಮೇಲ್ ವ್ಯವಸ್ಥೆಯಲ್ಲಿ, ಆ ಡಾಟ್ ಕಾಮ್‌ಗೆ ಹೊರಡುವ ಯಾವ ಮೇಲ್ ಅನ್ನೂ ತಡೆಯುವ ನಿಯಮ ಹಾಕಿದೆ. ನಮ್ಮವರೇ ಪರಸ್ಪರ ಬರೆಯುವಾಗ ತಪ್ಪುವುದಿಲ್ಲ ಎನ್ನಲು ಏನು ಆಧಾರ? ಜೊತೆಗೆ ಕೊಳ್ಳದೆ ಬಿಟ್ಟಿದ್ದ ಡಾಟ್ ಕೋ ಡಾಟ್ ಇನ್ ಅನ್ನೂ ಕೊಂಡು, ಅದರ ತಾಣವನ್ನು ಇಲ್ಲಿಗೆ ತಿರುಗಿಸಿ, ಅದರ ಮೇಲ್ ಕೂಡ ನಮ್ಮ ಪೆಟ್ಟಿಗೆಗೇ ಬೀಳುವಂತೆ ಮಾಡಿದೆ. 2016ರಲ್ಲಿ ಡಾಟ್ ಕಾಮ್‌ಗೆ ಇಷ್ಟು ಮಾಡಿದ್ದರೆ ಸಾಕಾಗಿತ್ತು. ತಾಣ ಡಾಟ್ ಇನ್‌ನಲ್ಲೇ ಇರಬಹುದಿತ್ತು, ಪಕ್ಕದ ಬಾಗಿಲಿಗೆ ಬಂದವರೂ ನಮ್ಮ ಮನೆಗೇ ಬರುತ್ತಿದ್ದರು.

ಹಳೆಯ ಮೇಲ್‌ಗಳನ್ನು ಆ ಮಹಿಳೆ ಜಿಪ್ ಮಾಡಿ ಕಳುಹಿಸಿದರು. ನಲವತ್ತಮೂರು. ಸೇಲ್ಸ್ ಮ್ಯಾನೇಜರ್ ನನ್ನ ಹಿಂದೆ ನಿಂತು ಒಂದೊಂದನ್ನೇ ತೆರೆಸಿದರು. ಕೊಟೇಶನ್ ಕೇಳಿದ ಹನ್ನೊಂದು, ಆ ದಾವಣಗೆರೆಯ ಪಿಒ, ಸ್ಟಾರ್ಟರ್ ಸುಟ್ಟಿತೆಂದು ಮೂರು ಸಲ ಬರೆದು ಕೊನೆಗೆ ಬೈದಿದ್ದ ರೈತರೊಬ್ಬರ ಪತ್ರ, ಕೆಲಸ ಬೇಡಿದ ಡಿಪ್ಲೊಮಾ ಹುಡುಗರ ಅರ್ಜಿಗಳು. ಅವುಗಳ ನಡುವೆ, 2021ರ ಜುಲೈ ತಿಂಗಳದ್ದು, ಎಚ್‌ಆರ್ ವಿಳಾಸಕ್ಕೆ ಮೊಬೈಲಿನಿಂದ ಹೋದ ಒಂದು ರಜೆಯ ಅರ್ಜಿ. ಜ್ವರ ಇದೆ, ಎರಡು ದಿನ ಬರಲಾಗುವುದಿಲ್ಲ ಎಂದು.

ನನ್ನದು. ಆ ಎರಡು ದಿನಗಳ ಸಂಬಳ ಕಡಿತವಾದಾಗ, ಮೇಲ್ ಕಳುಹಿಸಿದ್ದೇನೆ, ನೀವು ನೋಡಿಲ್ಲ ಎಂದು ಎಚ್‌ಆರ್ ಮೇಡಂ ಜೊತೆ ಕಚೇರಿಯೆಲ್ಲ ಕೇಳುವಂತೆ ಜಗಳವಾಡಿದ್ದೆ. "ನೀನು ಕಳುಹಿಸಿಯೇ ಇಲ್ಲ" ಎಂದು ಅವರು ಅಂದು ಹೇಳಿದ್ದರು.