ತಟ್ಟೆ ಇಡ್ಲಿ ಗಾಡಿಗೆ ಆರು ಕ್ಯಾನ್ ನೀರು

ಅಣ್ಣ ಕೆಲಸಕ್ಕೆ ಹೋಗುತ್ತಿದ್ದ ಫ್ಯಾಕ್ಟರಿ ಮುಚ್ಚಿದ ಮೇಲೆ, ತಟ್ಟೆ ಇಡ್ಲಿ ಗಾಡಿ ಇಡೋಣ ಅಂತ ಅತ್ತಿಗೆಯೇ ಮುಂದಾದರು. ಕೈಯಲ್ಲಿದ್ದದ್ದು 30,000 ರೂಪಾಯಿ. ನಮ್ಮದು ತುಮಕೂರು, ಪಕ್ಕದಲ್ಲೇ ಕ್ಯಾತ್ಸಂದ್ರ. ತಟ್ಟೆ ಇಡ್ಲಿ ಏನು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹಿಟ್ಟು, ಚಟ್ನಿ ಅತ್ತಿಗೆಯ ಜವಾಬ್ದಾರಿ. ಜಾಗ ನೋಡುವುದು, ಸಾಮಾನು ಹೊಂದಿಸುವುದು ನನ್ನ ಪಾಲಿಗೆ ಬಂತು.

ಬಸ್ ಸ್ಟ್ಯಾಂಡ್ ಹತ್ತಿರ ಜನ ಜಾಸ್ತಿ. ಆದರೆ ಅಲ್ಲಿ ಸಿಕ್ಕ ಜಾಗದ ಬೆನ್ನಿಗೇ ತೆರೆದ ಚರಂಡಿ, ನೊಣ ಬೇರೆ. ನೀರು ತರಬೇಕೆಂದರೆ ರಸ್ತೆ ದಾಟಿ ಹೋಗಬೇಕು. ಕಾಲೇಜ್ ಗೇಟಿನ ಮುಂದೆ ಹುಡುಗರು ಬರುವಷ್ಟರಲ್ಲಿ ಒಂಬತ್ತೂವರೆ ಆಗುತ್ತದೆ, ರಜೆ ಬಂದರೆ ವ್ಯಾಪಾರವೇ ಇಲ್ಲ. ಕೊನೆಗೆ ಹಿಡಿಸಿದ್ದು ಅಂತರಸನಹಳ್ಳಿ ತರಕಾರಿ ಮಾರ್ಕೆಟ್ ಕಡೆಯ ರಸ್ತೆ. ಹಮಾಲರು, ಟೆಂಪೋ ಡ್ರೈವರ್‌ಗಳು, ಮೂಟೆ ಹಾಕಿಕೊಂಡು ಬಂದ ರೈತರು ಕತ್ತಲಿರುವಾಗಲೇ ಎದ್ದವರು, ಆರು ಗಂಟೆಗೇ ಹಸಿದಿರುತ್ತಾರೆ. ನಾವು ನೋಡಿದ ಜಾಗದಲ್ಲಿ ಚರಂಡಿಗೆ ಚಪ್ಪಡಿ ಮುಚ್ಚಿತ್ತು. ಪೂರ್ವಕ್ಕೆ ಎತ್ತರದ ಕಾಂಪೌಂಡ್ ಗೋಡೆ ಇದ್ದುದರಿಂದ ಹತ್ತು ಗಂಟೆವರೆಗೆ ಚಟ್ನಿ ಪಾತ್ರೆ ಮೇಲೆ ಬಿಸಿಲು ಬೀಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದ ಸಿಮೆಂಟ್ ಅಂಗಡಿಯಲ್ಲಿ ಬೋರ್‌ವೆಲ್ ನಲ್ಲಿ ಇತ್ತು. ತಿಂಗಳಿಗೆ ಇಷ್ಟು ಅಂತ ಮಾತಾಡಿದ ಮೇಲೆ, ತೊಳೆಯುವ ನೀರನ್ನು ಅಲ್ಲೇ ಹಿಡಿದುಕೊಳ್ಳಿ ಅಂದರು.

ಗಾಡಿ ನಿಲ್ಲಿಸುವ ಮೊದಲು ಅಲ್ಲಿ ಸೊಪ್ಪು ಮಾರುವ ಅಜ್ಜಿಯನ್ನೂ ಒಂದು ಮಾತು ಕೇಳಿದೆ. "ಆ ಕಂಬದ ಈಚೆ ಬರಬೇಡಪ್ಪಾ, ಟೆಂಪೋ ರಿವರ್ಸ್ ತಗೊಳ್ಳೋದು ಅಲ್ಲೇ" ಅಂದರು. ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಈ ಕೆಲಸಕ್ಕೆ ಕಾಗದ ಪತ್ರವೂ ಬೇಕು. ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರ ಕಾಯ್ದೆ ಇದೆ. ಅದರ ಪ್ರಕಾರ ಪಾಲಿಕೆಯಿಂದ ವ್ಯಾಪಾರದ ಪ್ರಮಾಣಪತ್ರ ಪಡೆಯಬೇಕು. ಆಹಾರ ಸುರಕ್ಷತೆಗೆ ನಮ್ಮಂಥ ಸಣ್ಣ ಗಾಡಿಯವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. ಎರಡಕ್ಕೂ ಅರ್ಜಿ ಹಾಕಿದೆವು.

ಆಮೇಲೆ ಕೂತು ನೀರಿನ ಲೆಕ್ಕ ಹಾಕಿದೆವು. ಗಾಡಿಯ ಮೇಲೆ ಏನು ಮಾರಬಹುದು, ಯಾವ ತಟ್ಟೆ ಇಡಬೇಕು ಅನ್ನುವುದೆಲ್ಲ ನಿಜವಾಗಿ ನಿರ್ಧಾರವಾಗಿದ್ದು ಇಲ್ಲೇ. ಬೆಳಗಿಗೆ ನೂರು ಪ್ಲೇಟ್ ಅಂತ ಇಟ್ಟುಕೊಳ್ಳಿ. ನಲ್ಲಿ ಕೆಳಗೆ ತೊಳೆದರೆ ಒಂದು ತಟ್ಟೆಗೆ ಒಂದು ಲೀಟರ್ ನೀರು ಆರಾಮಾಗಿ ಖರ್ಚಾಗುತ್ತದೆ. ಒಂದೇ ಬಕೆಟ್‌ನಲ್ಲಿ ಅದ್ದಿ ತೆಗೆದರೆ ನೀರೇನೋ ಉಳಿಯುತ್ತದೆ. ಆದರೆ ಇಪ್ಪತ್ತು ತಟ್ಟೆ ಆಗುವಷ್ಟರಲ್ಲಿ ಆ ನೀರೇ ಸಾರಿನ ಹಾಗಾಗಿರುತ್ತದೆ, ತೊಳೆದ ತಟ್ಟೆಗಿಂತ ತೊಳೆಯದ ತಟ್ಟೆಯೇ ವಾಸಿ. ನಾವು ಸ್ಟೀಲ್ ತಟ್ಟೆಯ ಮೇಲೆ ಬಾಳೆ ಎಲೆ ತುಂಡು ಹಾಕುವುದು ಅಂತ ಮಾಡಿಕೊಂಡೆವು. ಎಲೆ ತೆಗೆದರೆ ತಟ್ಟೆಗೆ ಅಂಟಿರುವುದು ಅಂಚಿನ ಚಟ್ನಿ ಅಷ್ಟೇ. ಹದಿನೈದು ಲೀಟರಿನ ಮೂರು ಟಬ್ ಇಟ್ಟೆವು. ಒಂದರಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ಜಾಲಿಸಲು ಬರೀ ನೀರು, ಮೂರನೆಯದರಲ್ಲಿ ಇಡ್ಲಿ ಪಾತ್ರೆಯಿಂದ ತೆಗೆದು ಬೆರೆಸಿದ ಬಿಸಿ ನೀರು. ನಡುವೆ ಒಮ್ಮೆ ಜಾಲಿಸುವ ನೀರು ಬದಲಾಯಿಸಬೇಕು. ಬೆರಳು ಅದ್ದಿದರೆ ಜಿಡ್ಡು ಅಂಟಿತು ಅಂದರೆ ಬದಲಾಯಿಸುವ ಹೊತ್ತಾಯಿತು ಅಂತ. ತೊಳೆದ ತಟ್ಟೆಯನ್ನು ಬಟ್ಟೆಯಲ್ಲಿ ಒರೆಸುವುದಿಲ್ಲ. ಆ ಒಂದು ಒದ್ದೆ ಬಟ್ಟೆ ಎಲ್ಲ ತಟ್ಟೆಗೂ ಕೊಳೆ ಹಂಚುತ್ತದೆ. ಸ್ಟ್ಯಾಂಡಿಗೆ ನಿಲ್ಲಿಸಿದರೆ ನೀರು ತಾನೇ ಸೋರಿ ಹೋಗುತ್ತದೆ.

ತಟ್ಟೆ ತೊಳೆಯಲು 60 ಲೀಟರ್, ಕುಡಿಯಲು 40, ಕೈ ತೊಳೆಯಲು ಮತ್ತು ಹಬೆಗೆ ಇನ್ನು 20. ಅಲ್ಲಿಗೆ 20 ಲೀಟರಿನ ಆರು ಕ್ಯಾನ್ ಆಯಿತು. ಕುಡಿಯುವ ಎರಡು ಕ್ಯಾನ್ ಮನೆಯಿಂದಲೇ ಬರುತ್ತವೆ, ಅವಕ್ಕೆ ಬೇರೆ ನೀರು ಹಾಕುವುದಿಲ್ಲ. ಲೋಟ ಇಟ್ಟರೆ ಅದನ್ನೂ ತೊಳೆಯಬೇಕಲ್ವಾ, ಹಾಗಾಗಿ ಮೂತಿ ಇರುವ ಸ್ಟೀಲ್ ಜಗ್ ಇಟ್ಟೆವು. ಎಲ್ಲರೂ ಎತ್ತಿ ಕುಡಿಯುತ್ತಾರೆ. ಸಾಂಬಾರ್ ಬೇಡ ಅಂತ ತೀರ್ಮಾನಿಸಿದ್ದೂ ಇದೇ ಲೆಕ್ಕದಿಂದ. ಸಾಂಬಾರ್ ಇದ್ದರೆ ಬಟ್ಟಲು ಬೇಕು, ಅದನ್ನು ಬಿಸಿಯಾಗಿಡಲು ಇನ್ನೊಂದು ಒಲೆ ಬೇಕು. ಇಡ್ಲಿ, ಚಟ್ನಿ, ಜೊತೆಗೆ ಚಿತ್ರಾನ್ನ. ಅಷ್ಟೇ.

ಆರು ಕ್ಯಾನ್ ಅಂದರೆ 120 ಕೆಜಿ. ಗಾಡಿಯ ಮೇಲೆ ಇದಕ್ಕಿಂತ ಭಾರದ್ದು ಇನ್ಯಾವುದೂ ಇಲ್ಲ. ನಮ್ಮದು ಹಳೆಯ ನಾಲ್ಕು ಚಕ್ರದ ತಳ್ಳುಗಾಡಿ, 9,000ಕ್ಕೆ ಸಿಕ್ಕಿತು. ವೆಲ್ಡಿಂಗ್ ಅಂಗಡಿಯಲ್ಲಿ ಅದರ ಕೆಳಗೆ, ಚಕ್ರಗಳ ನಡುವೆ, ಒಂದು ಅಟ್ಟ ಹಾಕಿಸಿದೆ. ಕ್ಯಾನ್ ಕೂರುವುದು ಅಲ್ಲೇ. ಒಂದು ತುದಿಗೆ ಇಟ್ಟರೆ ಹಳ್ಳ ಸಿಕ್ಕಾಗ ಗಾಡಿ ಎತ್ತಿ ಹಾಕುತ್ತದೆ. ಮೇಲ್ಹಾಸಿಗೆ ಸ್ಟೀಲ್ ಶೀಟ್ ಹೊಡೆಸಿದೆವು. ಮರದ ಹಲಗೆ ನೀರು ಕುಡಿದು ವಾಸನೆ ಬರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಗ್ಯಾಸ್ ವಿಷಯಕ್ಕೆ ಬಂದರೆ, ಮನೆಯ ಸಿಲಿಂಡರ್ ಅನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್‌ಗೆ ಡೆಪಾಸಿಟ್ ಕಟ್ಟುವಷ್ಟು ದುಡ್ಡು ಉಳಿದಿರಲಿಲ್ಲ. 5 ಕೆಜಿಯ ಚಿಕ್ಕ ಸಿಲಿಂಡರ್ ತಗೊಂಡೆವು. ಕೆಜಿ ಲೆಕ್ಕದಲ್ಲಿ ಸ್ವಲ್ಪ ದುಬಾರಿ, ಆದರೆ ಒಂದೇ ಸಲಕ್ಕೆ ದೊಡ್ಡ ಮೊತ್ತ ಹಾಕಬೇಕಿಲ್ಲ. ಒಲೆಗೆ ಮೂರು ಕಡೆ ತಗಡು ಕಟ್ಟುವುದು ಮುಖ್ಯ. ಗಾಳಿಗೆ ಉರಿ ಓಲಾಡಿದರೆ ಹಬೆ ಸರಿಯಾಗಿ ಏಳುವುದಿಲ್ಲ, ಇಡ್ಲಿಯ ನಡುಭಾಗ ಅಂಟಂಟಾಗಿ ಉಳಿಯುತ್ತದೆ, ಗ್ಯಾಸೂ ದಂಡ.

ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದನ್ನು 2025ರಲ್ಲಿ ನಮ್ಮ ರಾಜ್ಯದಲ್ಲಿ ನಿಷೇಧ ಮಾಡಿದ್ದಾರೆ, ಅದು ಆಗಬೇಕಾದದ್ದೇ. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ ಬೆಂದರೆ ಅದು ಇಡ್ಲಿಗೇ ತಾನೇ ಇಳಿಯುವುದು? ಬಟ್ಟೆ ಹಾಸಿದರೆ ದಿನಾ ಕುದಿಸಿ ಒಗೆಯಬೇಕು. ಅತ್ತಿಗೆ ತಟ್ಟೆಗೆ ಎಣ್ಣೆ ಸವರುತ್ತಾರೆ. ಬೆಂದ ಮೇಲೆ ಎರಡು ನಿಮಿಷ ಹೊರಗಿಟ್ಟರೆ ಇಡ್ಲಿ ಅಂಚು ಬಿಡುತ್ತದೆ, ಆಗ ಚಮಚದ ಹಿಂಬದಿಯಿಂದ ಎಬ್ಬಿಸಿದರೆ ಇಡಿಯಾಗಿ ಬರುತ್ತದೆ.

ಇಡ್ಲಿಯಿಂದ ಹೊಟ್ಟೆ ಕೆಡುವುದು ಕಡಿಮೆ, ಅದು ಒಲೆ ಮೇಲಿಂದ ನೇರ ತಟ್ಟೆಗೆ ಬರುತ್ತದೆ. ಚಟ್ನಿಯದ್ದೇ ಭಯ. ಹಸಿ ಕಾಯಿ, ಹಸಿ ನೀರು, ಮೇಲೆ ಬೇಸಿಗೆ. ಅತ್ತಿಗೆ ಕುದಿಸಿ ಆರಿಸಿದ ನೀರಿನಲ್ಲೇ ರುಬ್ಬುತ್ತಾರೆ. ಅದೂ ಗಟ್ಟಿಯಾಗಿ, ಎರಡು ಡಬ್ಬಿಗೆ. ಒಂದು ಗಾಡಿಯ ಮೇಲೆ. ಇನ್ನೊಂದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ರಾತ್ರಿ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಗಳ ನಡುವೆ. ಮೊದಲನೆಯದು ಮುಗಿದ ಮೇಲೆಯೇ ಎರಡನೆಯದನ್ನು ತೆಗೆಯುವುದು. ಹಳೆಯದಕ್ಕೆ ಹೊಸದು ಬೆರೆಸುವಂತಿಲ್ಲ, ಹಾಗೆ ಮಾಡಿದರೆ ಹೊಸದೂ ಬೇಗ ಹುಳಿಯುತ್ತದೆ.

ಒಂದು ಬೆಳಗ್ಗೆ ಎರಡನೇ ಡಬ್ಬಿ ತೆಗೆದಾಗ ಅಂಚಿನಲ್ಲಿ ನೀರು ಬಿಟ್ಟುಕೊಂಡು ಸಣ್ಣ ಗುಳ್ಳೆ ಎದ್ದಿತ್ತು. ನಾನು ಒಗ್ಗರಣೆ ಹಾಕಲು ಹೊರಟೆ. "ತಾಳೋ, ಮೊದಲು ಮೂಸು. ಒಗ್ಗರಣೆ ಬಿದ್ದರೆ ಕೆಟ್ಟಿದ್ದು ಗೊತ್ತೇ ಆಗಲ್ಲ" ಅಂದರು ಅತ್ತಿಗೆ. ಇಂಗು, ಕರಿಬೇವಿನ ಘಮ ಹುಳಿ ವಾಸನೆಯನ್ನು ನಿಜವಾಗಿಯೂ ಮುಚ್ಚಿಬಿಡುತ್ತದೆ. ಮೂಸಿದೆ, ಹುಳಿ ಹೊಡೆಯುತ್ತಿತ್ತು. ಹಿಂದಿನ ರಾತ್ರಿ ಕರೆಂಟ್ ಹೋಗಿ ಬಾಟಲಿಗಳು ಸರಿಯಾಗಿ ಗಟ್ಟಿಯಾಗಿರಲಿಲ್ಲ. ಡಬ್ಬಿ ಪೂರ್ತಿ ಚೆಲ್ಲಿದೆವು. ಉಳಿದ ಗಿರಾಕಿಗಳಿಗೆ ಚಿತ್ರಾನ್ನ ಮಾತ್ರ ಇದೆ ಅಂದೆವು. ಕೆಲವರು ತಿಂದರು, ಕೆಲವರು ಮುಂದಕ್ಕೆ ಹೋದರು.

ಅವತ್ತಿನಿಂದ ಚಟ್ನಿ ಡಬ್ಬಿಗೆ ಒಗ್ಗರಣೆ ಹಾಕುವುದಿಲ್ಲ. ಒಗ್ಗರಣೆ ಬೇರೆ ಬಟ್ಟಲಲ್ಲಿ ಇರುತ್ತದೆ, ಬಡಿಸುವಾಗ ಒಂದು ಚಮಚ ಮೇಲೆ ಹಾಕುತ್ತೇವೆ. ಕರೆಂಟ್ ಹೋದ ರಾತ್ರಿ ಕಾಯಿ ಚಟ್ನಿ ಅರ್ಧಕ್ಕೆ ಇಳಿಸಿ, ಕಡ್ಲೆಬೀಜದ ಚಟ್ನಿಪುಡಿಯನ್ನು ಎಣ್ಣೆ ಜೊತೆ ಕೊಡುತ್ತೇವೆ. ಪುಡಿಯಲ್ಲಿ ನೀರಿಲ್ಲ, ಹಾಗಾಗಿ ಕೆಡುವ ಚಿಂತೆಯೂ ಇಲ್ಲ. ಹಮಾಲರಲ್ಲಿ ಕೆಲವರು ಈಗ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ.