ಸೋಮವಾರ ಹನ್ನೊಂದಕ್ಕೆ ಇಂಟರ್‌ವ್ಯೂ, ಸೋಮವಾರವೇ ಅಪ್ಪನ ವರ್ಷಾಂತ

ಗುರುವಾರ ಸಂಜೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನೆರೆಮನೆಯ ಹುಡುಗ ಫೋನ್ ಹಿಡಿದುಕೊಂಡೇ ಜಗಲಿ ಹತ್ತಿದ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಎರಡನೇ ಸುತ್ತಿನ ಇಂಟರ್‌ವ್ಯೂ. ಸೋಮವಾರ ಬೆಳಿಗ್ಗೆ 11ರಿಂದ 12, ಆನ್‌ಲೈನ್. ಕ್ಯಾಲೆಂಡರಿನಲ್ಲಿ ಆಮಂತ್ರಣ ಬಂದು ಕೂತಿತ್ತು. ಅದೇ ಸೋಮವಾರ ಅವನ ಅಪ್ಪನ ವರ್ಷಾಂತ, ತೀರಿಹೋಗಿ ವರ್ಷ ತುಂಬಿದ ತಿಥಿ. ಹಿರಿಯ ಮಗ ಅವನೇ, ಕರ್ಮಕ್ಕೆ ಕೂರಬೇಕಾದವನೂ ಅವನೇ.

"ಎಂತ ಮಾಡುದು ಮಾವ? ಇದರಲ್ಲಿ `No` ಒತ್ತಿಬಿಡ್ಲಾ?"

ಒತ್ತಬಾರದು. ಆ ಉತ್ತರ ಹೋಗುವುದು ಆಮಂತ್ರಣ ಕಳಿಸಿದ ವಿಳಾಸಕ್ಕೆ. ಫೋನಿನಲ್ಲಿ ಇಷ್ಟು ದಿನ ಮಾತಾಡಿದ ರಿಕ್ರೂಟರ್ ಒಬ್ಬರು, ಆಮಂತ್ರಣ ಕಳಿಸುವವರು ಇನ್ನೊಬ್ಬರು ಆಗಿರುವುದು ಮಾಮೂಲು. ಕೆಲವೊಮ್ಮೆ ಆ ವಿಳಾಸವನ್ನು ಯಾರೂ ಓದುವುದೇ ಇಲ್ಲ. ಅತ್ತ ಕಡೆಯವರಿಗೆ ಕಾಣುವುದು 'ಬರುವುದಿಲ್ಲ' ಎಂಬ ಒಂದು ಗುರುತು ಮಾತ್ರ. ದಿನಕ್ಕೆ ಹತ್ತಾರು ಜನರ ಸಮಯ ಹೊಂದಿಸುವವರು ಅದನ್ನು 'ಹುಡುಗನಿಗೆ ಆಸಕ್ತಿ ಇಲ್ಲ' ಎಂದು ಓದಿ ಆ ಹೊತ್ತನ್ನು ಮುಂದಿನವರಿಗೆ ಕೊಟ್ಟುಬಿಡಬಹುದು. `Propose a new time` ಎಂಬ ಗುಂಡಿ ಅದಕ್ಕಿಂತ ವಾಸಿ. ಆದರೆ ಅದರಲ್ಲಿ ಒಂದು ಸಲಕ್ಕೆ ಒಂದೇ ಹೊತ್ತನ್ನು ಸೂಚಿಸಬಹುದು, ಹೊರಗಿನವರಿಗೆ ಕಂಪೆನಿಯವರ ಬಿಡುವು ಕಾಣುವುದೂ ಇಲ್ಲ. ಅದೂ ಹೋಗುವುದು ಅದೇ ವಿಳಾಸಕ್ಕೆ. ಮೇಲ್ ಹೋಗಿ ಉತ್ತರ ಬರುವ ತನಕ ಆಮಂತ್ರಣವನ್ನು ಮುಟ್ಟದೆ ಬಿಡುವುದೇ ಒಳ್ಳೆಯದು.

ಮೇಲ್ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಆ ದಿನದಲ್ಲಿ ನಿಜವಾಗಿ ಹೋಗುವ ಗಂಟೆಗಳು ಎಷ್ಟು? ಮನೆಯಲ್ಲಿ ಏನೋ ಇದೆ ಎಂದು ಇಡೀ ವಾರ ಕೇಳುವವರಿದ್ದಾರೆ, ಒಂದು ಗಂಟೆ ಮುಂದೆ ಹಾಕಿ ಎಂದು ಕೇಳಿ ಸಿಕ್ಕಿಹಾಕಿಕೊಳ್ಳುವವರೂ ಇದ್ದಾರೆ. ಈ ಹುಡುಗನಿಗೆ ಮೊದಲು ಹೊಳೆದದ್ದು ಎರಡನೆಯದು: "ಮಧ್ಯಾಹ್ನ ಎರಡಕ್ಕೆ ಕೊಡಿ ಅಂತ ಕೇಳಿದ್ರೆ?"

ಎರಡು ಗಂಟೆಯೇ ಅತಿ ಕೆಟ್ಟ ಹೊತ್ತು. ತಿಥಿ ನಡೆಯಬೇಕಾದದ್ದು ಅಪರಾಹ್ಣದಲ್ಲಿ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೇ ಪಾಲು ಅದು. ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ದಿನ ಎಂದುಕೊಂಡರೆ 1 ಗಂಟೆ 12 ನಿಮಿಷದಿಂದ 3 ಗಂಟೆ 36 ನಿಮಿಷದ ತನಕ. ಪುರೋಹಿತರಾದ ಬಟ್ಟಮಾವ ಬರುವುದು, ಸಂಕಲ್ಪ, ಸಾಮಾನು ಜೋಡಣೆ ಎಲ್ಲ ಸೇರಿ ಕೆಲಸ ಬೆಳಿಗ್ಗೆಯೇ ಶುರು. ಕರ್ಮ ಮಾಡುವ ಕರ್ತೃವಿಗೆ ಹಿಂದಿನ ದಿನ ಒಪ್ಪತ್ತು. ಆ ದಿನ ಎಲ್ಲರ ಊಟ ಆದ ಮೇಲೆಯೇ ಅವನ ಊಟ. ಮಡಿಯಲ್ಲಿ ಕೂತವನು ಫೋನ್ ಮುಟ್ಟುವಂತಿಲ್ಲ. ನಾಲ್ಕೂವರೆಗೆ ಎಲೆ ಎತ್ತಿ ಐದು ಗಂಟೆಗೆ ಕೋಡ್ ಬರೆಯಲು ಕೂರಬಹುದು ಎಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ಬೆಳಗ್ಗಿನಿಂದ ಹೊಟ್ಟೆ ಖಾಲಿ ಇಟ್ಟವನ ತಲೆಗೆ ಆ ಲೆಕ್ಕ ಗೊತ್ತಿಲ್ಲ. ಹಾಗಾಗಿ ಕರ್ತೃ ಆದವನು ಇಡೀ ದಿನವನ್ನೇ ಬಿಡಿಸಿಕೊಳ್ಳಬೇಕು. ಅದೇ ಮನೆಯ ತಮ್ಮನಿಗೋ ಅಳಿಯನಿಗೋ ಇಂಟರ್‌ವ್ಯೂ ಇದ್ದಿದ್ದರೆ ಬೆಳಿಗ್ಗೆ 9 ಗಂಟೆಯ ಹೊತ್ತು ಕೇಳಿದರೂ ನಡೆಯುತ್ತಿತ್ತು. ಅಲ್ಲಿ ಇರುವುದಕ್ಕೂ ಅಲ್ಲಿ ಕೂರುವುದಕ್ಕೂ ಅಷ್ಟು ವ್ಯತ್ಯಾಸ.

ಇನ್ನು ಕಾರಣ ಬರೆಯುವ ರೀತಿ. ನಮ್ಮವರ ಬಾಯಿಗೆ ಮೊದಲು ಬರುವ ಮಾತು 'ಮನೆಯಲ್ಲಿ ಫಂಕ್ಷನ್'. ಮಗುವಿನ ಹುಟ್ಟುಹಬ್ಬವೂ ಫಂಕ್ಷನ್, ಗೃಹಪ್ರವೇಶವೂ ಫಂಕ್ಷನ್. ಕೇಳಿದವರಿಗೆ ಅದು ಒಂದು ಗಂಟೆ ಎದ್ದು ಬರಬಹುದಾದ ಊಟದ ಮನೆಯ ಹಾಗೆ ಕಾಣುತ್ತದೆ. 'ಪೂಜೆ' ಎಂದರೂ ಅದೇ ಪಾಡು. ಇದಕ್ಕೆ ಹೆದರಿ ಕೆಲವರು ಜ್ವರ ಎಂದು ಬರೆಯುತ್ತಾರೆ. ಅದು ಸುಳ್ಳು ಎನ್ನುವುದು ಒಂದಾದರೆ, ಜ್ವರಕ್ಕೆ ಕೊನೆಯ ದಿನ ಇಲ್ಲ ಎನ್ನುವುದು ಇನ್ನೊಂದು. 'ಗುಣವಾದ ಮೇಲೆ ತಿಳಿಸಿ' ಎಂದು ಉತ್ತರ ಬರುತ್ತದೆ, ಫೈಲು ಕೆಳಗೆ ಹೋಗುತ್ತದೆ. ತಿಥಿಗೆ ಒಂದೇ ದಿನ, ಅದು ಹಿಂದೆ ಮುಂದೆ ಆಗದು, ಮರುದಿನ ಆಸಾಮಿ ಸಿಗುತ್ತಾನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಮಯ ಹೊಂದಿಸುವವರಿಗೂ ಸುಲಭ.

ಅವನು ಅದೇ ರಾತ್ರಿ ಇಂಗ್ಲಿಷಿನಲ್ಲಿ ಕಳಿಸಿದ್ದನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು. ವಿಷಯದ ಸಾಲಿನಲ್ಲಿ ಅವನ ಹೆಸರು, ಹುದ್ದೆಯ ಹೆಸರು, 'ಸೋಮವಾರ 11 ಗಂಟೆಯ ಇಂಟರ್‌ವ್ಯೂ, ಬೇರೆ ಸಮಯಕ್ಕಾಗಿ ವಿನಂತಿ'. ಒಳಗೆ:

"ಎರಡನೇ ಸುತ್ತಿಗೆ ಕರೆದದ್ದಕ್ಕೆ ಧನ್ಯವಾದ. ಸೋಮವಾರ ನನ್ನ ತಂದೆಯವರು ತೀರಿಹೋಗಿ ಒಂದು ವರ್ಷದ ಕರ್ಮ ಇದೆ. ಹಿರಿಯ ಮಗನಾಗಿ ಅದನ್ನು ನಾನೇ ಮಾಡಬೇಕು, ದಿನ ಪಂಚಾಂಗದಿಂದ ನಿಗದಿಯಾದದ್ದು. ಆ ದಿನ ಸಂಜೆಯ ವರೆಗೆ ಫೋನಿಗೂ ಸಿಗುವುದಿಲ್ಲ. ನಾಳೆ ಶುಕ್ರವಾರ ಮಧ್ಯಾಹ್ನ 2ರಿಂದ 6, ಮಂಗಳವಾರ 2ರಿಂದ 6, ಬುಧವಾರ ಇಡೀ ದಿನ ನಾನು ಸಿದ್ಧ. ಇವುಗಳಲ್ಲಿ ಯಾವುದು ಅನುಕೂಲವೋ ತಿಳಿಸಿ."

ಇದರಲ್ಲಿ ಗಮನಿಸಬೇಕಾದ್ದು ಶುಕ್ರವಾರ. ಸಮಯ ಬದಲಿಸಿ ಎನ್ನುವವರೆಲ್ಲ ಮುಂದಕ್ಕೆ ಹಾಕಿ ಎಂದೇ ಕೇಳುತ್ತಾರೆ. ಅಷ್ಟರಲ್ಲಿ ಬೇರೆ ಯಾರಾದರೂ ಆ ಜಾಗಕ್ಕೆ ಆಯ್ಕೆಯಾದರೆ ಕಥೆ ಮುಗಿಯಿತು. ಮೊದಲಿನ ಒಂದು ಹೊತ್ತನ್ನೂ ಕೊಟ್ಟರೆ ತಪ್ಪಿಸಿಕೊಳ್ಳುವ ಆಸಾಮಿ ಅಲ್ಲ ಎಂಬುದು ವಿವರಿಸದೆಯೇ ಗೊತ್ತಾಗುತ್ತದೆ. ಮಂಗಳವಾರ ಬೆಳಿಗ್ಗೆಯನ್ನು ಬೇಕೆಂದೇ ಬಿಟ್ಟದ್ದು. ಉಳಿದ ನೆಂಟರು ಹೊರಡುವುದು, ಬಾಡಿಗೆಯ ಪಾತ್ರೆ ಹಿಂದೆ ಕೊಡುವುದು, ಎಲ್ಲ ಆ ಹೊತ್ತಿಗೇ. 'ಯಾವಾಗ ಬೇಕಾದರೂ ಸರಿ' ಎಂದು ಬರೆದರೆ ವಿನಯದ ಹಾಗೆ ಕಾಣುತ್ತದೆ. ಅದರ ಫಲ ಇನ್ನೆರಡು ಮೇಲ್ ಮತ್ತು ಒಂದು ದಿನದ ನಷ್ಟ.

ಮೇಲ್ ರಾತ್ರಿ ಎಂಟಕ್ಕೆ ಹೋಯಿತು, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಫೋನ್. ಫೋನ್ ಯಾಕೆಂದರೆ ಇಲ್ಲಿ ರಿಕ್ರೂಟರ್ ಎಂದರೆ ಕಂಪೆನಿಯವರಲ್ಲ, ಕನ್ಸಲ್ಟೆನ್ಸಿಯವರು. ಅವರು ಕಂಪೆನಿಯ ಎಚ್‌ಆರ್‌ಗೆ ಹೇಳಬೇಕು, ಎಚ್‌ಆರ್ ಇಂಟರ್‌ವ್ಯೂ ಮಾಡುವ ಇಬ್ಬರು ಇಂಜಿನಿಯರುಗಳ ಬಿಡುವು ನೋಡಬೇಕು. ಕೊಂಡಿ ಮೂರು. ಶುಕ್ರವಾರ ಸಂಜೆಯೊಳಗೆ ಮೂರೂ ಕೂಡದಿದ್ದರೆ ಶನಿವಾರ, ಭಾನುವಾರ ಯಾರೂ ಮೇಲ್ ತೆಗೆಯುವುದಿಲ್ಲ, ಸೋಮವಾರದ ಹನ್ನೊಂದು ಗಂಟೆ ಹಾಗೇ ನಿಂತಿರುತ್ತದೆ. ಕನ್ಸಲ್ಟೆನ್ಸಿಯನ್ನು ದಾಟಿ ನೇರ ಕಂಪೆನಿಗೆ ಬರೆಯುವುದು ಬೇಡ, ಅವರಿಗೆ ಇರಿಸುಮುರಿಸು. ಅವರಿಂದಲೇ ಮಾಡಿಸಬೇಕು.

"ಮೇಡಂ, ನಿನ್ನೆ ರಾತ್ರಿ ಒಂದು ಮೇಲ್ ಹಾಕಿದ್ದೆ, ನೋಡಿದ್ರಾ?" ಎಂದು ಹುಡುಗ ಶುರು ಮಾಡಿದ. ಆಚೆಯಿಂದ ಕನ್ನಡದಲ್ಲೇ ಉತ್ತರ: "ನೋಡ್ದೆ. ಒಂದು ಅರ್ಧ ಗಂಟೆ ಮಾತ್ರ ಜಾಯಿನ್ ಆಗೋಕೆ ಆಗಲ್ವಾ? ಪ್ಯಾನೆಲ್ ಸಿಗೋದೇ ಕಷ್ಟ." ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. "ಇಲ್ಲ ಮೇಡಂ, ಅಪ್ಪನ ತಿಥಿ, ನಾನೇ ಕೂರ್ಬೇಕು. ಇವತ್ತು ಮಧ್ಯಾಹ್ನ ಆದ್ರೂ ಸರಿ, ಮಂಗಳವಾರ ಆದ್ರೂ ಸರಿ." ತಿಥಿ ಎಂಬ ಒಂದು ಪದಕ್ಕೆ ಆಚೆಯ ಧ್ವನಿ ಬದಲಾಯಿತು. ಕನ್ನಡ ಬಲ್ಲವರಾದದ್ದು ಅದೃಷ್ಟ. ಪುಣೆಯವರೋ ನೋಯ್ಡಾದವರೋ ಆಗಿದ್ದರೆ ಮೇಲಿನಲ್ಲಿ ಬರೆದ ವಾಕ್ಯವನ್ನೇ ಓದಿ ಹೇಳಬೇಕಿತ್ತು.

ಸಾವಿನ ಕರ್ಮದ ವಿಷಯದಲ್ಲಿ ಇಷ್ಟಾದರೂ ಅರ್ಥವಾಗುತ್ತದೆ. ಕಾಸರಗೋಡಿನವರಿಗೆ ಹಬ್ಬದ ಪಂಚಾಯಿತಿ ಬೇರೆ. ಯುಗಾದಿಗೆ ಬೆಂಗಳೂರಿನಲ್ಲಿ ರಜೆ, ನಮಗೆ ವರ್ಷದ ಮೊದಲ ದಿನ ಬಿಸು. ಏಪ್ರಿಲ್ 14ಕ್ಕೆ ಬಿದ್ದರೆ ಅಂಬೇಡ್ಕರ್ ಜಯಂತಿಯ ಹೆಸರಿನಲ್ಲಿ ಪಾರಾಗುತ್ತೇವೆ, 15ಕ್ಕೆ ಬಿದ್ದ ವರ್ಷ ಬೆಂಗಳೂರಿಗೆ ಅದು ಬರೀ ಕೆಲಸದ ದಿನ. ಬಲಿಪಾಡ್ಯಕ್ಕೆ ಕರ್ನಾಟಕದಲ್ಲಿ ರಜೆ, ಕೊಚ್ಚಿಯ ಕಂಪೆನಿಯವರು ಮಾತ್ರ ದೀಪಾವಳಿ ಮುಗಿಯಿತಲ್ಲ ಎನ್ನುತ್ತಾರೆ. ಅಲ್ಲೆಲ್ಲ ಹಬ್ಬದ ಹೆಸರು ಹೇಳಿ ಸುಮ್ಮನಾಗದೆ 'ನಮ್ಮ ಜಿಲ್ಲೆಯ ಹೊಸ ವರ್ಷ, ನಿಮ್ಮ ರಜೆಯ ಪಟ್ಟಿಯಲ್ಲಿ ಇರಲಿಕ್ಕಿಲ್ಲ' ಎಂದು ಒಂದು ಸಾಲು ಸೇರಿಸಬೇಕು. ಆದರೂ ಬಿಸುವಿಗೆ ಇಡೀ ದಿನ ಕೇಳುವುದು ಜಾಸ್ತಿಯಾಯಿತು. ಕಣಿ ನೋಡಿ, ಹಿರಿಯರ ಕಾಲು ಹಿಡಿದು, ಮಧ್ಯಾಹ್ನದ ಊಟ ಮುಗಿಸಿ ನಾಲ್ಕು ಗಂಟೆಗೆ ಕೂರಬಹುದು. ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ದೈವದ ನೇಮ ಹಾಗಲ್ಲ. ರಾತ್ರಿಯಿಡೀ ನಿದ್ದೆ ಇಲ್ಲ, ಅದಕ್ಕೆ ಮರುದಿನವನ್ನೂ ಸೇರಿಸಿಯೇ ಕೇಳಬೇಕು.

ಮಧ್ಯಾಹ್ನ ಹನ್ನೆರಡಕ್ಕೆ ವಾಟ್ಸಾಪಿನಲ್ಲಿ 'ಓಕೆ, ಮಂಗಳವಾರ 3' ಎಂದು ಬಂತು. ಹುಡುಗನಿಗೆ ಖುಷಿ. ನನ್ನ ಪ್ರಕಾರ ಅದು ಬದಲಾದ ಹಾಗಲ್ಲ. ಹೊಸ ಆಮಂತ್ರಣ, ಅದರಲ್ಲಿ ಇಂಟರ್‌ವ್ಯೂಗೆ ಸೇರುವ ಹೊಸ ಲಿಂಕ್, ಇವೆರಡೂ ಕೈಗೆ ಬರುವ ತನಕ ಹಳೆಯ ಹೊತ್ತೇ ಜೀವಂತ. ನಾಲ್ಕು ಗಂಟೆಗೆ ಒಂದು ಸಾಲು ಹಾಕಿದ: "ಮಂಗಳವಾರ 3ರ ಆಮಂತ್ರಣ ಇನ್ನೂ ಬಂದಿಲ್ಲ, ಸೋಮವಾರದ್ದನ್ನು ರದ್ದು ಮಾಡಿ ಕಳಿಸುತ್ತೀರಾ?" ಐದೂವರೆಗೆ ಹೊಸದು ಬಂತು, ಹಳೆಯದು ಅವನ ಕ್ಯಾಲೆಂಡರಿನಿಂದ ಹೋಯಿತು. ತಾರೀಕು, ಗಂಟೆ, ಮಧ್ಯಾಹ್ನದ 3 ಹೌದೋ ಬೆಳಗಿನ 3 ಬಿದ್ದಿದೆಯೋ, ಎಲ್ಲ ನೋಡಿ `Yes` ಒತ್ತಿದ. ಈಗ ಒತ್ತಬಹುದು.

ಭಾನುವಾರ ರಾತ್ರಿ ಫೋನನ್ನು ತಂಗಿಯ ಕೈಗೆ ಕೊಟ್ಟು, ಗೋಡೆಯ ಕ್ಯಾಲೆಂಡರಿನ ಹಿಂದೆ ಒಂದು ಸಾಲು ಬರೆದಿಟ್ಟ. ಅತಿಯಾಯಿತು ಎಂದು ಅವನ ಅಮ್ಮ ನಕ್ಕರು.

ಸೋಮವಾರ 11 ಗಂಟೆ 8 ನಿಮಿಷಕ್ಕೆ, ಬಟ್ಟಮಾವ ದರ್ಭೆ ಜೋಡಿಸುತ್ತಿದ್ದಾಗ, ಬೆಂಗಳೂರಿನಿಂದ ಫೋನ್. "ನಾವು ಕಾಯ್ತಾ ಇದೀವಿ, ಕ್ಯಾಂಡಿಡೇಟ್ ಜಾಯಿನ್ ಆಗಿಲ್ಲ." ಆದದ್ದಿಷ್ಟು: ಹುಡುಗನಿಗೆ ಬಂದ ಆಮಂತ್ರಣ ಕನ್ಸಲ್ಟೆನ್ಸಿಯದ್ದು, ಇಂಜಿನಿಯರುಗಳಿಗೆ ಹೋದದ್ದು ಕಂಪೆನಿಯ ಎಚ್‌ಆರ್‌ದ್ದು. ಮೊದಲಿನದು ರದ್ದಾಗಿತ್ತು, ಎರಡನೆಯದು ಒಬ್ಬರ ಕ್ಯಾಲೆಂಡರಿನಲ್ಲಿ ಹಾಗೇ ಉಳಿದಿತ್ತು. ಫೋನ್ ಎತ್ತುವವರಿಲ್ಲದಿದ್ದರೆ ಅವನ ಹೆಸರಿನ ಮುಂದೆ 'ಹಾಜರಾಗಲಿಲ್ಲ' ಎಂದು ಬೀಳುತ್ತಿತ್ತು.

ತಂಗಿ ಅಡುಗೆಮನೆಯ ಹಿಂದಿನ ಜಗಲಿಗೆ ಬಂದು, ಕ್ಯಾಲೆಂಡರ್ ತಿರುಗಿಸಿ ಹಿಡಿದು ಓದಿದಳು: "ಸರ್, ಅಣ್ಣನ ಇಂಟರ್‌ವ್ಯೂ ಮಂಗಳವಾರ ಮೂರಕ್ಕೆ ಬದಲಾಗಿದೆ. ಶುಕ್ರವಾರ ಸಂಜೆ ಐದೂವರೆಯ ಮೇಲ್ ನೋಡಿ."